ಸಲ್ಫೈಟೋ, ಸಲ್ಫೇಟೋ: ರಾಸಾಯನಿಕ ಹೆಸರುಗಳ ಕನ್ನಡ ಕಾಗುಣಿತ

ಪ್ರಶ್ನೆ: “ನಾನು ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಉಪನ್ಯಾಸಕ. ನಾವು ಮೂವರು ಸೇರಿ ಮೊದಲ ವರ್ಷದ ಪಠ್ಯವನ್ನು ಕನ್ನಡಕ್ಕೆ ತರುತ್ತಿದ್ದೇವೆ, 300 ಪುಟ ಮುಗಿದಿದೆ. ಸೋಡಿಯಂ–ಸೋಡಿಯಮ್, ಕ್ಲೋರಿನ್–ಕ್ಲೋರೀನ್, ಡೈಆಕ್ಸೈಡ್–ಡಯಾಕ್ಸೈಡ್, ಹೀಗೆ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಉಚ್ಚಾರಣೆಯಂತೆ ಬರೆಯೋಣ ಎಂದು ಒಬ್ಬರು, ಇಂಗ್ಲಿಷ್ ಅಕ್ಷರಗಳಂತೆ ಬರೆಯೋಣ ಎಂದು ಇನ್ನೊಬ್ಬರು. ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಿಬಿಡಬಹುದೇ ಸರ್?”

ಉತ್ತರ: ನೀವು ಬರೆದಿರುವ ಮೂರು ಜೋಡಿಗಳಲ್ಲಿ ಎರಡು ನಿರುಪದ್ರವಿಗಳು. ಸೋಡಿಯಂ ಎಂದು ಬರೆದರೂ ಸೋಡಿಯಮ್ ಎಂದು ಬರೆದರೂ ಓದುವ ಹುಡುಗಿಯ ಮನಸ್ಸಿಗೆ ಬರುವುದು ಅದೇ ಲೋಹ. ಡೈಆಕ್ಸೈಡ್, ಡಯಾಕ್ಸೈಡ್ ಎರಡರಲ್ಲೂ ಆಕ್ಸಿಜನ್ನಿನ ಪರಮಾಣು ಎರಡೇ. ಪುಸ್ತಕದ ಅಂದಕ್ಕಾಗಿ ಇವನ್ನು ಸರಿಪಡಿಸಬೇಕು ನಿಜ, ಆದರೆ ಅವಸರವಿಲ್ಲ. ಕ್ಲೋರಿನ್–ಕ್ಲೋರೀನ್ ಜೋಡಿಯ ಮಾತು ಬೇರೆ. ಅದು ಹೆಸರಿನ ಅಂತ್ಯವನ್ನು ಮುಟ್ಟುತ್ತದೆ, ಮತ್ತು ರಸಾಯನಶಾಸ್ತ್ರದಲ್ಲಿ ಅರ್ಥ ಕುಳಿತಿರುವುದೇ ಅಂತ್ಯದಲ್ಲಿ. ಆದ್ದರಿಂದ ನಿಮ್ಮ ಮೂವರ ಶ್ರಮ ಮೊದಲು ಹೋಗಬೇಕಾದದ್ದು ಅಂತ್ಯಗಳ ಕಡೆಗೆ. ಹೆಸರಿನ ಮುಂಭಾಗದಲ್ಲಿ ರೂಢಿಯನ್ನು ಅನುಸರಿಸಿದರೆ ಸಾಕು, ಅಂತ್ಯದಲ್ಲಿ ಮಾತ್ರ ಒಂದು ಅರ್ಥಕ್ಕೆ ಒಂದೇ ಕಾಗುಣಿತ, ಒಂದು ಕಾಗುಣಿತಕ್ಕೆ ಒಂದೇ ಅರ್ಥ ಇರಬೇಕು.

ಇದನ್ನು ನಾನು ಕಲಿತದ್ದು ಧಾರವಾಡದಲ್ಲಿ ಒಂದು ಪ್ರಾಯೋಗಿಕ ಕೈಪಿಡಿಯನ್ನು ತಿದ್ದುತ್ತಿದ್ದಾಗ. ಲವಣ ವಿಶ್ಲೇಷಣೆಯ ಅಧ್ಯಾಯದ ಕರಡಚ್ಚಿನಲ್ಲಿ ಒಂದು ಸಾಲು ಹೀಗಿತ್ತು: “ಸೋಡಿಯಂ ಸಲ್ಫೈಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಸೇರಿಸಿದಾಗ ಬಿಳಿ ಒತ್ತರ ಬರುತ್ತದೆ. ಅದು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುವುದಿಲ್ಲ.” ಬರೆದವರ ಮನಸ್ಸಿನಲ್ಲಿದ್ದದ್ದು ಸಲ್ಫೇಟ್, Na₂SO₄. ಅಚ್ಚಿನಲ್ಲಿ ಬಂದದ್ದು ಸಲ್ಫೈಟ್, Na₂SO₃. ಒಂದು ಸ್ವರಚಿಹ್ನೆಯ ವ್ಯತ್ಯಾಸ, ಅದೂ ಅಕ್ಷರದ ಕಾಲಬುಡದಲ್ಲಿ. ನಾನೇ ಎರಡು ಸಲ ಓದಿ ದಾಟಿ ಹೋಗಿದ್ದೆ. ಸಾಲಿನ ಮೊದಲ ಅರ್ಧ ಎರಡು ಲವಣಗಳಿಗೂ ನಿಜವಾದದ್ದರಿಂದ ತಪ್ಪು ಕಣ್ಣಿಗೆ ಬೀಳಲಿಲ್ಲ. ಬೇರಿಯಂ ಸಲ್ಫೈಟೂ ಬಿಳಿ ಒತ್ತರವೇ, ಬೇರಿಯಂ ಸಲ್ಫೇಟೂ ಬಿಳಿ ಒತ್ತರವೇ. ಆಮ್ಲ ಹಾಕಿದಾಗ ಸಲ್ಫೈಟಿನ ಒತ್ತರ ಕರಗಿ, ಉರಿಯುವ ಗಂಧಕದ ಘಾಟು ಹೊರಡುತ್ತದೆ, ಸಲ್ಫೇಟಿನ ಒತ್ತರ ಹಾಗೇ ಉಳಿಯುತ್ತದೆ. ಇವೆರಡನ್ನು ಬೇರೆ ಮಾಡಿ ತೋರಿಸುವ ಪರೀಕ್ಷೆಯೇ ಅದು, ಮತ್ತು ಆ ಪರೀಕ್ಷೆಯನ್ನು ಹೇಳುವ ಸಾಲಿನಲ್ಲೇ ಎರಡೂ ಒಂದಾಗಿದ್ದವು. ಇನ್ನೂ ಕೆಟ್ಟದ್ದೆಂದರೆ, ಸಲ್ಫೈಟ್ ಗಾಳಿಯಲ್ಲಿ ನಿಧಾನವಾಗಿ ಸಲ್ಫೇಟಾಗುವುದರಿಂದ ಹಳೆಯ ಬಾಟಲಿಯ ಸಲ್ಫೈಟಿನಲ್ಲಿ ಕರಗದ ಒತ್ತರ ಸ್ವಲ್ಪ ಉಳಿದೇ ಉಳಿಯುತ್ತದೆ. ತಪ್ಪು ಸಾಲನ್ನು ಓದಿದ ವಿದ್ಯಾರ್ಥಿಗೆ ಪ್ರಯೋಗಾಲಯವೂ ಹೌದು ಎಂದೇ ಹೇಳುವಂತಾಗುತ್ತದೆ.

ಗಂಧಕದ ಮನೆಯಲ್ಲಿ ಮೂರನೆಯದೂ ಇದೆ. ಸಲ್ಫೈಡ್, Na₂S. ಇದಕ್ಕೆ ಆಮ್ಲ ತಾಗಿದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಬರುತ್ತದೆ. ಸಲ್ಫೈಟ್ ಮತ್ತು ಸಲ್ಫೈಡ್ ನಡುವೆ ವ್ಯಂಜನ ಬೇರೆ, ಸಲ್ಫೈಟ್ ಮತ್ತು ಸಲ್ಫೇಟ್ ನಡುವೆ ಸ್ವರ ಬೇರೆ. ಹೀಗಾಗಿ ಮೊದಲ ನಿಯಮವನ್ನು ಮೂವರೂ ಸಹಿ ಹಾಕಿ ಗೋಡೆಗೆ ಅಂಟಿಸಿಕೊಳ್ಳಿ: ಆಕ್ಸಿಜನ್ ಇಲ್ಲದ ಋಣ ಅಯಾನಿಗೆ ‘ೈಡ್’, ಆಕ್ಸಿಜನ್ ಕಡಿಮೆ ಇರುವುದಕ್ಕೆ ‘ೈಟ್’, ಹೆಚ್ಚು ಇರುವುದಕ್ಕೆ ‘ೇಟ್’. ಹೈಡ್ರಾಕ್ಸೈಡ್, ಪೆರಾಕ್ಸೈಡ್‌ಗಳಂಥ ಕೆಲವು ಹೆಸರುಗಳು ಮೊದಲ ಸಾಲಿನ ಅರ್ಥಕ್ಕೆ ಪೂರ್ತಿ ಹೊಂದುವುದಿಲ್ಲ, ಆದರೆ ಅವುಗಳ ಕಾಗುಣಿತವೂ ‘ೈಡ್’ ಆಗಿಯೇ ಇರಲಿ. ಸಲ್ಫೆಟ್ ಎಂಬ ಹ್ರಸ್ವವನ್ನೂ ಸಲ್ಫಾಯಿಡ್ ಎಂಬ ಬಿಡಿಸಿದ ರೂಪವನ್ನೂ ಒಪ್ಪಬೇಡಿ. ಈ ತ್ರಯ ನೈಟ್ರೈಡ್, ನೈಟ್ರೈಟ್, ನೈಟ್ರೇಟುಗಳಿಗೂ ಫಾಸ್ಫೈಡ್, ಫಾಸ್ಫೈಟ್, ಫಾಸ್ಫೇಟುಗಳಿಗೂ ಹಾಗೇ ಸಲ್ಲುತ್ತದೆ. ಜಿಂಕ್ ಫಾಸ್ಫೈಡ್ ಎಂದರೆ ನಮ್ಮ ಹೊಲಗಳಲ್ಲಿ ಬಳಸುವ ಇಲಿ ಪಾಷಾಣ. ಜಿಂಕ್ ಫಾಸ್ಫೇಟ್ ಎಂದರೆ ದಂತವೈದ್ಯರು ಹಲ್ಲಿಗೆ ಬಳಸುವ ಸಿಮೆಂಟು. ಈ ಜೋಡಿಯನ್ನು ತರಗತಿಯಲ್ಲಿ ಒಮ್ಮೆ ಹೇಳಿದರೆ, ಕಾಗುಣಿತದ ಮೇಲೆ ಇಷ್ಟೇಕೆ ಹಟ ಎಂದು ಯಾರೂ ಕೇಳುವುದಿಲ್ಲ.

ಈಗ ನಿಮ್ಮ ಸಹೋದ್ಯೋಗಿಗಳ ವಾದಕ್ಕೆ ಬರುತ್ತೇನೆ. ‘ಉಚ್ಚಾರಣೆಯಂತೆ ಬರೆದರೆ ಸಾಕು’ ಎಂಬುದು ಕೇಳಲು ಸರಳ, ಆದರೆ ಯಾರ ಉಚ್ಚಾರಣೆ? CH₄ ಅನ್ನು ಇಂಗ್ಲೆಂಡಿನವರು ಮೀಥೇನ್ ಎನ್ನುತ್ತಾರೆ, ಅಮೆರಿಕದವರು ಮೆಥೇನ್ ಎನ್ನುತ್ತಾರೆ. ಅಯೋಡಿನ್ನಿನ ಕೊನೆಯನ್ನು ಒಬ್ಬರು ‘ಡೀನ್’ ಎಂದರೆ ಇನ್ನೊಬ್ಬರು ‘ಡೈನ್’ ಎನ್ನುತ್ತಾರೆ. ಇವುಗಳಲ್ಲಿ ‘ಡೈನ್’ ಅನ್ನು ಆರಿಸಿಕೊಂಡಿರೋ, ಸಾವಯವ ಭಾಗದಲ್ಲಿ ಮೂರು ಬಂಧದ ಆಲ್ಕೈನುಗಳಿಗೆ ಮೀಸಲಾದ ‘ೈನ್’ ಅಂತ್ಯ ಹಾಳಾಯಿತು. ‘ಇಂಗ್ಲಿಷ್ ಅಕ್ಷರದಂತೆ’ ಎಂಬ ವಾದವೂ ಇಷ್ಟೇ ದೂರ ಹೋಗುತ್ತದೆ. ಗಂಧಕದ ಇಂಗ್ಲಿಷ್ ಹೆಸರಿಗೇ ಎರಡು ಕಾಗುಣಿತಗಳಿವೆ, ಕನ್ನಡದಲ್ಲಿ ಎರಡೂ ಸಲ್ಫರ್ ಆಗಿ ಒಂದಾಗುತ್ತವೆ, ಅದರಿಂದ ನಮಗೇನೂ ನಷ್ಟವಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಕನ್ನಡ ಹೆಸರನ್ನು ಮಾತ್ರ ನೋಡಿ ವಿದ್ಯಾರ್ಥಿ ಸರಿಯಾದ ಸೂತ್ರವನ್ನು ಬರೆಯಬಲ್ಲಳೇ? ಬರೆಯಬಲ್ಲಳಾದರೆ ಆ ಕಾಗುಣಿತ ಕೆಲಸ ಮಾಡಿದೆ.

ಈ ಒರೆಗಲ್ಲಿಗೆ ಕ್ಲೋರಿನ್–ಕ್ಲೋರೀನ್ ಜೋಡಿಯನ್ನು ಉಜ್ಜಿ ನೋಡೋಣ. ಸಾವಯವ ರಸಾಯನದಲ್ಲಿ ಒಂದು ಬಂಧದ ಈಥೇನ್, ಎರಡು ಬಂಧದ ಈಥೀನ್, ಮೂರು ಬಂಧದ ಈಥೈನ್ ಎಂಬ ಮೂರು ಅಂತ್ಯಗಳನ್ನು ಕನ್ನಡ ಲಿಪಿ ಬಹಳ ಚೆನ್ನಾಗಿ ಬೇರ್ಪಡಿಸುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಬದಲಾಗುವ ಕಡೆ ನಮ್ಮಲ್ಲಿ ಏ, ಈ, ಐ ಎಂಬ ಮೂರು ಬೇರೆ ಸ್ವರಗಳು ನಿಲ್ಲುತ್ತವೆ. ಆದರೆ ದೀರ್ಘ ‘ೀನ್’ ಅನ್ನು ಹ್ಯಾಲೊಜನ್ನುಗಳಿಗೂ ಕೊಟ್ಟರೆ ತೊಡಕು ಬರುತ್ತದೆ. ಫ್ಲೋರೀನ್ ಎಂಬ ಹೈಡ್ರೋಕಾರ್ಬನ್ ಒಂದಿದೆ, ಅದರ ಸೂತ್ರ C₁₃H₁₀. ಹಲ್ಲಿನ ಪೇಸ್ಟಿನಿಂದ ನಮಗೆ ಪರಿಚಯವಾದ ಧಾತು ಫ್ಲೋರಿನ್, ಅಂದರೆ F. ಆದ್ದರಿಂದ ಈ ನಾಲ್ಕು ಹ್ಯಾಲೊಜನ್ನುಗಳೂ ಹ್ರಸ್ವದಲ್ಲಿರಲಿ: ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್. ಆಲ್ಕೀನುಗಳೂ ಬೆಂಜೀನಿನ ಬಳಗವೂ ದೀರ್ಘದಲ್ಲಿರಲಿ. ಅಮೀನ್ ಎಂಬ ಹೆಸರು ಹ್ಯಾಲೊಜನ್ನುಗಳಂಥದೇ ಇಂಗ್ಲಿಷ್ ಅಂತ್ಯವುಳ್ಳದ್ದಾದರೂ ದೀರ್ಘದಲ್ಲಿ ರೂಢಿಯಾಗಿದೆ, ಮತ್ತು ಅದರ ಜೊತೆ ಗೊಂದಲವಾಗುವ ಆಲ್ಕೀನ್ ಯಾವುದೂ ಇಲ್ಲ. ಅದನ್ನು ಕೆಣಕಬೇಡಿ. ಆದರೆ ಸಂಕೀರ್ಣ ಲವಣಗಳಲ್ಲಿ NH₃ ಲೋಹಕ್ಕೆ ಕೂಡಿಕೊಂಡಾಗ ಬರುವ ಹೆಸರನ್ನು ಒತ್ತಕ್ಷರದೊಂದಿಗೆ ಅಮ್ಮೀನ್ ಎಂದೇ ಬರೆಯಿರಿ. ಅಲ್ಲಿ ಕಿವಿಗೆ ವ್ಯತ್ಯಾಸ ಕೇಳದಿದ್ದರೂ ಕಣ್ಣಿಗೆ ಕಾಣಬೇಕು.

ಹೆಸರಿನ ಮುಂಭಾಗದಲ್ಲಿ ರೂಢಿ ಸಾಕು ಎಂದೆ. ಅದಕ್ಕೂ ಒಂದು ಅಪವಾದವಿದೆ. ಗದಗ ಜಿಲ್ಲೆಯ, ಅದರಲ್ಲೂ ಮುಂಡರಗಿ ಕಡೆಯ ಕೊಳವೆಬಾವಿಗಳ ನೀರಿನ ಬಗ್ಗೆ ಬರೆಯುವಾಗ ಫ್ಲೋರೈಡ್ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ, ಅದೇ ಕೋಷ್ಟಕದಲ್ಲಿ ಕ್ಲೋರೈಡೂ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಪ್ಪತಕ್ಕ ಮಿತಿ ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ, ಕ್ಲೋರೈಡಿಗೆ 250 ಮಿಲಿಗ್ರಾಂ. ಮೊದಲ ಅಕ್ಷರ ಅದಲುಬದಲಾದರೆ ಕೋಷ್ಟಕವೇ ಸುಳ್ಳಾಗುತ್ತದೆ. ಇಲ್ಲಿ ಕಾಗುಣಿತ ಬದಲಿಸಿ ಪ್ರಯೋಜನವಿಲ್ಲ, ಯಾಕೆಂದರೆ ಫ್ಲೋರೈಡ್ ಎಂಬ ರೂಪ ಪತ್ರಿಕೆಗಳಿಂದ ಊರಿನ ನೀರಿನ ಘಟಕದವರೆಗೆ ಎಲ್ಲರಿಗೂ ಗೊತ್ತು. ಕೋಷ್ಟಕದಲ್ಲಿ ಹೆಸರಿನ ಪಕ್ಕ F⁻, Cl⁻ ಎಂದು ಅಯಾನನ್ನೂ ಅಚ್ಚು ಮಾಡಿಸಿ. ಅಕ್ಷರ ತಪ್ಪಿದರೂ ಸೂತ್ರ ಕಾಯುತ್ತದೆ.

ಧಾತುಗಳ ವಿಷಯದಲ್ಲಿ ನಿಮ್ಮ ಮುಂದೆ ಮೂರು ದಾರಿಗಳಿವೆ. ಎಲ್ಲವನ್ನೂ ಕನ್ನಡದ ಹೆಸರಿನಲ್ಲೇ ಬರೆಯುವುದು ಮೊದಲನೆಯದು, ಆದರೆ ಕಬ್ಬಿಣ, ತಾಮ್ರ, ಸತು, ತವರ, ಪಾದರಸ ಎಂದು ಹತ್ತಿಪ್ಪತ್ತು ದಾಟುವಷ್ಟರಲ್ಲಿ ಹೆಸರುಗಳು ಮುಗಿದುಹೋಗುತ್ತವೆ. ಎಲ್ಲವನ್ನೂ ಲಿಪ್ಯಂತರಿಸುವುದು ಎರಡನೆಯದು. ಆಗ ಕಬ್ಬಿಣವನ್ನು ದಿನವೂ ಮುಟ್ಟುವ ಹುಡುಗನಿಗೆ ‘ಐರನ್ ತುಕ್ಕು ಹಿಡಿಯುತ್ತದೆ’ ಎಂದು ಹೇಳಬೇಕಾಗುತ್ತದೆ, ಅದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ನಾನು ಹಿಡಿದಿರುವುದು ಮೂರನೆಯದನ್ನು. ಧಾತು ತಾನೇ ತಾನಾಗಿ ನಿಂತಾಗ ಕನ್ನಡದ ಹೆಸರು, ಸಂಯುಕ್ತದೊಳಗೆ ಸೇರಿದಾಗ ಲಿಪ್ಯಂತರದ ಹೆಸರು. ಕಬ್ಬಿಣದ ಮೊಳೆ, ಆದರೆ ಐರನ್(III) ಕ್ಲೋರೈಡ್. ತಾಮ್ರದ ತಂತಿ, ಆದರೆ ಕಾಪರ್ ಸಲ್ಫೇಟ್, ಮೊದಲ ಸಲ ಬಂದಾಗ ‘ಅಂದರೆ ಮೈಲುತುತ್ತ’ ಎಂಬ ಮಾತಿನೊಂದಿಗೆ. ಇದರ ಅಪಾಯವೆಂದರೆ ಒಂದೇ ಧಾತುವಿಗೆ ಎರಡು ಹೆಸರನ್ನು ವಿದ್ಯಾರ್ಥಿ ಕಲಿಯಬೇಕು. ಅದಕ್ಕಾಗಿ ಪ್ರತಿ ಅಧ್ಯಾಯದಲ್ಲೂ ಮೊದಲ ಸಲ ಎರಡನ್ನೂ ಜೊತೆಗೇ ಕೊಡಬೇಕಾಗುತ್ತದೆ. ಆಮ್ಲಜನಕ, ಜಲಜನಕ, ಸಾರಜನಕಗಳು ಶಾಲೆಯಿಂದಲೇ ಬಾಯಿಗೆ ಬಂದ ಹೆಸರುಗಳು. ಪದವಿಯ ಪುಸ್ತಕದಲ್ಲಿ ಸಂಯುಕ್ತಗಳ ಮಾತೇ ಹೆಚ್ಚಾದ್ದರಿಂದ ನಾನು ಆಕ್ಸಿಜನ್, ಹೈಡ್ರೋಜನ್, ನೈಟ್ರೋಜನ್ ಎಂದೇ ಇಡುತ್ತೇನೆ.

ಈ ದಾರಿ ಎರಡು ಕಡೆ ಎದ್ದು ಕಾಣುವಂತೆ ನೆರವಾಗುತ್ತದೆ. ಇಂಗ್ಲಿಷಿನಲ್ಲಿ ರಂಜಕ ಧಾತುವಿನ ಹೆಸರಿಗೂ H₃PO₃ ಆಮ್ಲದ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸವಿದೆ, ಕನ್ನಡಕ್ಕೆ ತಂದರೆ ಎರಡೂ ‘ಫಾಸ್ಫರಸ್’ ಆಗುತ್ತವೆ. ಧಾತುವನ್ನು ರಂಜಕ ಎಂದೇ ಕರೆದರೆ ‘ಫಾಸ್ಫರಸ್’ ಎಂಬ ರೂಪ ಆ ಆಮ್ಲಕ್ಕೆ ಮಾತ್ರ ಉಳಿಯುತ್ತದೆ, H₃PO₄ ಫಾಸ್ಫಾರಿಕ್ ಆಮ್ಲವಾಗುತ್ತದೆ. ಇನ್ನೊಂದು ಸೀಸ. ಸೀಸಿಯಂ ಎಂಬ ಕ್ಷಾರ ಲೋಹಕ್ಕೂ ನಮ್ಮ ಸೀಸಕ್ಕೂ ಯಾವ ನಂಟೂ ಇಲ್ಲ, ಆದರೆ ಕನ್ನಡದ ಕಣ್ಣಿಗೆ ಒಂದರಿಂದ ಇನ್ನೊಂದು ಹುಟ್ಟಿದಂತೆ ಕಾಣುತ್ತದೆ. ‘ಸೀಸದ ಕ್ಲೋರೈಡ್’ ಎಂದು ಬರೆಯದೆ ಲೆಡ್ ಕ್ಲೋರೈಡ್ ಎಂದು ಬರೆದರೆ, ತಣ್ಣೀರಿನಲ್ಲಿ ಸರಿಯಾಗಿ ಕರಗದ PbCl₂, ಸರಾಗವಾಗಿ ಕರಗುವ ಸೀಸಿಯಂ ಕ್ಲೋರೈಡಿನ ಜೊತೆ ಬೆರೆಯುವುದಿಲ್ಲ. ಇಂಥದ್ದೇ ಎಚ್ಚರ ಸಿಲಿಕಾನ್ ಧಾತುವಿಗೂ ಸಿಲಿಕೋನ್ ಎಂಬ ಬಹ್ವಣುವಿಗೂ ಬೇಕು.

ಇಷ್ಟು ಆದ ಮೇಲೂ ಪುಸ್ತಕ ಚೆಲ್ಲಾಪಿಲ್ಲಿಯಾಗುವುದು ವಿಭಕ್ತಿ ಪ್ರತ್ಯಯಗಳಿಂದ. ಬೇರೆ ಭಾಷೆಯ ಕೈಪಿಡಿಗಳು ಇದರ ಬಗ್ಗೆ ನಮಗೆ ಏನೂ ಹೇಳಲಾರವು, ಇದು ನಮ್ಮದೇ ತೊಡಕು. ಆಕ್ಸೈಡ್‌ಗಳು, ಆಕ್ಸೈಡ್ಗಳು, ಆಕ್ಸೈಡುಗಳು ಎಂಬ ಮೂರೂ ನಿಮ್ಮ 300 ಪುಟಗಳಲ್ಲಿ ಖಂಡಿತ ಇರುತ್ತವೆ. ಮೊದಲನೆಯದರಲ್ಲಿ ಅರ್ಧಾಕ್ಷರ ಬಿಡಿಯಾಗಿ ನಿಲ್ಲಲು ಅದರ ನಂತರ ಕಣ್ಣಿಗೆ ಕಾಣದ ಒಂದು ಚಿಹ್ನೆ, `U+200C`, ಇರಬೇಕು. ಅದು ಕಡತದಿಂದ ಕಡತಕ್ಕೆ ಸಾಗುವಾಗ, ಮುಖ್ಯವಾಗಿ ಹಳೆಯ ನುಡಿ ಅಕ್ಷರಗಳಿಂದ ಯುನಿಕೋಡಿಗೆ ಪರಿವರ್ತಿಸುವಾಗ, ಬಿದ್ದುಹೋದರೆ ಎರಡನೆಯ ವಿಕಾರ ರೂಪ ಹುಟ್ಟುತ್ತದೆ. ಆದ್ದರಿಂದ ನಾನು ಮೂರನೆಯದನ್ನು, ಅಂದರೆ ಬ್ಯಾಂಕಿಗೆ, ಬಸ್ಸಿಗೆ ಎಂದು ನಾವು ಮಾತಿನಲ್ಲಿ ಸಹಜವಾಗಿ ಮಾಡುವುದನ್ನೇ, ಆದಷ್ಟು ಎಲ್ಲ ಕಡೆಯೂ ಆರಿಸಿಕೊಳ್ಳುತ್ತೇನೆ. ಇದರಲ್ಲಿ ಕಾಣದ ಚಿಹ್ನೆ ಯಾವುದೂ ಇಲ್ಲ, ಕಳೆದುಹೋಗಲು ಏನೂ ಇಲ್ಲ. ಮೇಲೆ ಪೆರಾಕ್ಸೈಡ್‌ಗಳಂಥ ಎಂದು ನಾನೇ ಬರೆದದ್ದನ್ನು ನೋಡಿದರೆ ಹಳೆಯ ರೂಢಿ ಕೈಯಲ್ಲಿ ಎಷ್ಟು ಗಟ್ಟಿಯಾಗಿ ಕುಳಿತಿರುತ್ತದೆ ಎಂಬುದು ನಿಮಗೂ ತಿಳಿದೀತು.

ಇದರಲ್ಲಿ ಇನ್ನೊಂದು ಲಾಭವೂ ಇದೆ, ಅದನ್ನು ಕಂಡುಕೊಂಡ ದಿನ ನನಗೆ ನಿಜಕ್ಕೂ ಸಂತೋಷವಾಯಿತು. ಕೊನೆಯ ಸ್ವರ ಹ್ರಸ್ವವಾಗಿದ್ದರೆ ಕನ್ನಡ ಮುಂದಿನ ವ್ಯಂಜನವನ್ನು ಇಮ್ಮಡಿಸುತ್ತದೆ, ಪೆನ್ಸಿಲ್ಲಿಗೆ ಎನ್ನುವ ಹಾಗೆ. ದೀರ್ಘವಾಗಿದ್ದರೆ ಇಮ್ಮಡಿಸುವುದಿಲ್ಲ, ಕಾಲೇಜಿಗೆ ಎನ್ನುವ ಹಾಗೆ. ಅಂದರೆ ಹ್ಯಾಲೊಜನ್ನಾದ ಫ್ಲೋರಿನ್ ‘ಫ್ಲೋರಿನ್ನಿಗೆ’ ಆಗುತ್ತದೆ, ಹೈಡ್ರೋಕಾರ್ಬನ್ನಾದ ಫ್ಲೋರೀನ್ ‘ಫ್ಲೋರೀನಿಗೆ’ ಆಗುತ್ತದೆ. ಹ್ರಸ್ವ–ದೀರ್ಘದ ಗುರುತನ್ನು ಬೆರಳಚ್ಚಿನವರು ಒಂದು ಕಡೆ ತಪ್ಪಿಸಿದರೂ ಒತ್ತಕ್ಷರ ಇನ್ನೊಂದು ಕಡೆ ಅದನ್ನು ಹೇಳುತ್ತದೆ. ಸೋಡಿಯಂ ವಿಷಯವೂ ಇಲ್ಲೇ ತೀರ್ಮಾನವಾಗುತ್ತದೆ. ಬಿಡಿಯಾಗಿ ನಿಂತಾಗ ಮತ್ತು ಸೋಡಿಯಂ ಕ್ಲೋರೈಡಿನಂಥ ಜೋಡಿಪದದಲ್ಲಿ ಸೊನ್ನೆಯಿಂದ ಬರೆಯಿರಿ. ಪ್ರತ್ಯಯ ಬಂದಾಗ ಸೋಡಿಯಮ್ಮಿಗೆ, ಸೋಡಿಯಮ್ಮಿನ ಎನ್ನಿ. ‘ಸೋಡಿಯಂಗೆ’ ಎಂದು ಬರೆದರೆ ಸೊನ್ನೆ ‘ಅಂಗಡಿ’ಯ ಸೊನ್ನೆಯಂತೆ ಓದಿಸಿಕೊಳ್ಳುತ್ತದೆ. ಡೈಆಕ್ಸೈಡ್ ಮತ್ತು ಟ್ರೈಆಕ್ಸೈಡುಗಳಲ್ಲಿ ‘ಆಕ್ಸೈಡ್’ ಇಡಿಯಾಗಿ ಉಳಿಯಲಿ, ಮಾನಾಕ್ಸೈಡ್, ಪೆರಾಕ್ಸೈಡ್, ಪೆಂಟಾಕ್ಸೈಡುಗಳು ಮೂಲದಲ್ಲೇ ಕೂಡಿಕೊಂಡಿರುವುದರಿಂದ ಹಾಗೇ ಇರಲಿ.

ಒಂದೇ ಸಲಕ್ಕೆ ಬದಲಿಸುವ ಮಾತು. ದಯವಿಟ್ಟು ಹಾಗೆ ಮಾಡಬೇಡಿ. ‘ಸೋಡಿಯಮ್’ ಇರುವ ಕಡೆಯಲ್ಲೆಲ್ಲ ‘ಸೋಡಿಯಂ’ ಹಾಕು ಎಂದು ಆಜ್ಞೆ ಕೊಟ್ಟರೆ, ಸರಿಯಾಗಿಯೇ ಇದ್ದ ‘ಸೋಡಿಯಮ್ಮಿನ’ ಎಂಬುದು ‘ಸೋಡಿಯಂಮಿನ’ ಆಗಿಬಿಡುತ್ತದೆ, ಯಾಕೆಂದರೆ ಯಂತ್ರ ಪದವನ್ನು ನೋಡುವುದಿಲ್ಲ, ಚಿಹ್ನೆಗಳ ಸಾಲನ್ನು ನೋಡುತ್ತದೆ. ‘ಕ್ಲೋರೀನ್’ ಅನ್ನು ‘ಕ್ಲೋರಿನ್’ ಮಾಡಿದರೆ ‘ಕ್ಲೋರೀನಿಗೆ’ ಎಂಬುದು ಅರ್ಧಾಕ್ಷರವಿಲ್ಲದ ಕಾರಣ ತಪ್ಪಿಸಿಕೊಂಡು ಹಾಗೇ ಉಳಿಯುತ್ತದೆ. ಹುಡುಕುವಾಗ ಕೊನೆಯ ಅರ್ಧಾಕ್ಷರದ ಚಿಹ್ನೆಯನ್ನು ಬಿಟ್ಟು ಹುಡುಕಬೇಕು, ಬದಲಿಸುವಾಗ ಒಂದೊಂದನ್ನೂ ನೋಡಿ ಬದಲಿಸಬೇಕು. ಮೂವರ ಕಡತಗಳನ್ನೂ ಯುನಿಕೋಡ್ ಪಠ್ಯವಾಗಿ ಉಳಿಸಿಕೊಂಡು, ನಾನು ಮೊದಲು ಓಡಿಸುವ ಹುಡುಕಾಟ ಇದು:

```
grep -nE 'ಸಲ್ಫ(ೇಟ|ೈಟ|ೈಡ)' *.txt
```

ಸಲ್ಫೇಟ್, ಸಲ್ಫೈಟಿನ, ಸಲ್ಫೈಡುಗಳು, ಥಯೋಸಲ್ಫೇಟನ್ನು ಎಂಬ ಎಲ್ಲ ರೂಪಗಳೂ ಕಡತದ ಹೆಸರು ಮತ್ತು ಸಾಲಿನ ಸಂಖ್ಯೆಯೊಂದಿಗೆ ಬರುತ್ತವೆ. ‘ಸಲ್ಫೆಟ್’ನಂಥ ದಾರಿ ತಪ್ಪಿದ ರೂಪಗಳು ಈ ಬಲೆಗೆ ಬೀಳುವುದಿಲ್ಲ, ಅವುಗಳಿಗಾಗಿ ‘ಸಲ್ಫ’ ಎಂದಷ್ಟೇ ಕೊಟ್ಟು ಇನ್ನೊಮ್ಮೆ ಓಡಿಸಿ. ಬಂದ ಪಟ್ಟಿಯನ್ನು ಅಚ್ಚು ಹಾಕಿಸಿ, ಪ್ರತಿ ಸಾಲಿನ ಎದುರು ಮೂಲ ಪುಸ್ತಕದ ಸೂತ್ರವನ್ನು ಕೈಯಿಂದ ಬರೆಯಿರಿ. ಇದಾದ ಮೇಲೆ ‘ನೈಟ್ರ’, ‘ಫಾಸ್ಫ’, ‘ಕ್ಲೋರ’ಗಳಿಗೂ ಹೀಗೇ ಮಾಡಿ. ಇಲ್ಲಿ ಬದಲಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲಾಗದು. ಸಲ್ಫೈಟ್ ಎಂದಿರುವುದು ತಪ್ಪೋ ಸರಿಯೋ ಎಂಬುದು ಆ ವಾಕ್ಯದ ರಸಾಯನಶಾಸ್ತ್ರ ಗೊತ್ತಿದ್ದವರಿಗೆ ಮಾತ್ರ ತಿಳಿಯುತ್ತದೆ.

ಕೊನೆಯ ಪರೀಕ್ಷೆಗೆ ಅನುವಾದ ಮಾಡದ ಒಬ್ಬ ವಿದ್ಯಾರ್ಥಿ ಬೇಕು. ನಿಮ್ಮ ಪದಪಟ್ಟಿಯಿಂದ ಸೂತ್ರಗಳನ್ನು ತೆಗೆದುಹಾಕಿ, ಕನ್ನಡ ಹೆಸರುಗಳನ್ನು ಮಾತ್ರ ಅವರಿಗೆ ಕೊಟ್ಟು ಸೂತ್ರ ಬರೆಯಲು ಹೇಳಿ. ಅವರು ಎಡವಿದ ಹೆಸರುಗಳಲ್ಲಿ ಕೆಲವು ಅವರಿಗೆ ಪಾಠ ಗೊತ್ತಿಲ್ಲದ್ದರಿಂದ ತಪ್ಪಿರುತ್ತವೆ. ಒಂದು ಹೆಸರಿನ ಬದಲು ಇನ್ನೊಂದರ ಸೂತ್ರ ಬಂದಿದ್ದರೆ, ಆ ಜೋಡಿಯ ಕಾಗುಣಿತವನ್ನು ಮೂವರೂ ಕೂತು ಮತ್ತೆ ನೋಡಿ, ಮತ್ತು ಅಂಥ ಹೆಸರುಗಳು ಅಧ್ಯಾಯದಲ್ಲಿ ಮೊದಲ ಸಲ ಬರುವ ಕಡೆ ಸೂತ್ರವನ್ನು ಪಕ್ಕದಲ್ಲೇ ಅಚ್ಚು ಮಾಡಿಸಿ.